ಐದನೇ ಮೇಜಿನ ಅಂಕ

ಬುಧವಾರ ಬೆಳಿಗ್ಗೆ ನನ್ನ ಪಾಲಿಗೆ ಬಂದ ಮೊದಲ ರೆಸ್ಯೂಮ್ ಒಬ್ಬ ಪ್ರಾಜೆಕ್ಟ್ ಮ್ಯಾನೇಜರ್‌ನದು. ನಮ್ಮಲ್ಲಿ ಅಭ್ಯರ್ಥಿಯ ಹೆಸರು, ಫೋಟೋ, ಕಂಪನಿಯ ಹೆಸರು ಎಲ್ಲವನ್ನೂ ಕಪ್ಪು ಪಟ್ಟಿ ಎಳೆದು ಮುಚ್ಚಿ ಕೊಡುತ್ತಾರೆ. ಅಂಕ ಹಾಕುವವರಿಗೆ ಕೆಲಸ ಮಾತ್ರ ಕಾಣಬೇಕು, ಮುಖ ಕಾಣಬಾರದು.

ಜಾಹೀರಾತು ಮೂರು ವಿಷಯ ಕೇಳಿತ್ತು: ಕೆಲಸವನ್ನು ಸಣ್ಣ ಕಂತುಗಳಲ್ಲಿ ಮುಗಿಸುವ ಸ್ಕ್ರಮ್ ವಿಧಾನದಲ್ಲಿ ಅನುಭವಕ್ಕೆ ಮೂವತ್ತು ಅಂಕ, ಚಾಲ್ತಿಯಲ್ಲಿರುವ ಪಿಎಂಪಿ ಎಂಬ ಪ್ರಾಜೆಕ್ಟ್ ನಿರ್ವಹಣಾ ಪ್ರಮಾಣಪತ್ರಕ್ಕೆ ಇಪ್ಪತ್ತು, ಕೆಲಸ ಮುಗಿಸಿದ ಪುರಾವೆಗೆ ಐವತ್ತು. ಎಪ್ಪತ್ತು ಬಂದರೆ ಸಂದರ್ಶನ.

ವಿಧಾನದಲ್ಲಿ ಆತ ಗಟ್ಟಿಗ. ಬರೀ 'ಸ್ಕ್ರಮ್ ಗೊತ್ತು' ಎಂದು ಬರೆದಿರಲಿಲ್ಲ. ಎರಡು ವಾರಕ್ಕೊಂದು ಸ್ಪ್ರಿಂಟ್ ಎಂಬ ಕಂತು, ಎರಡನೇ ಶುಕ್ರವಾರ ಅದರ ಮುಕ್ತಾಯ, ಒಂದರ ಅವಲೋಕನದಿಂದ ಮುಂದಿನದರಲ್ಲಿ ಏನು ಬದಲಾಯಿತು ಎಂಬುದೂ ಇತ್ತು. ಇಪ್ಪತ್ತಾರು ಹಾಕಿದೆ. ಪ್ರಮಾಣಪತ್ರ ಚಾಲ್ತಿಯಲ್ಲಿದೆಯೆಂದು ಪರಿಶೀಲನಾ ವಿಭಾಗ ಗುರುತು ಹಾಕಿತ್ತು. ಅಲ್ಲಿ ಪೂರ್ತಿ ಇಪ್ಪತ್ತು. ಇನ್ನು ಪುರಾವೆ: ಹಳೆಯ ಪ್ರಾಜೆಕ್ಟಿಗೆ ಮುಗಿದ ದಿನಾಂಕವಿತ್ತು, ಯೋಜಿಸಿದ ದಿನಾಂಕವಿರಲಿಲ್ಲ. ಹನ್ನೆರಡು.

ಆಮೇಲೆ ಈಗಿನ ಪ್ರಾಜೆಕ್ಟ್.

'ಆರು ಮೇಜಿನ ರೆಸ್ಯೂಮ್ ಪರಿಶೀಲನಾ ಕೊಠಡಿಯ ಕೆಲಸವನ್ನು ಸಾಫ್ಟ್‌ವೇರ್‌ಗೆ ವರ್ಗಾಯಿಸುವುದು. ಮೇಜು ೨: ಯೋಜನೆ ೧೨, ತೆರವು ೧೨. ಮೇಜು ೪: ಯೋಜನೆ ೨೬, ತೆರವು ೨೬. ಮೇಜು ೫: ಯೋಜನೆ ೧೦.'

ತಲೆಯೆತ್ತಿದೆ. ನಮ್ಮ ಕೊಠಡಿಯಲ್ಲಿ ಆರು ಮೇಜು. ಎರಡನೆಯದರಲ್ಲಿ ಕೂರುತ್ತಿದ್ದ ಕನ್ನಡಕದ ಅಂಕಲ್‌ಗೆ ವರ್ಗವಾಗಿದೆ ಎಂದಿದ್ದರು. ಕಳೆದ ತಿಂಗಳ ಹನ್ನೆರಡನೇ ತಾರೀಕು. ನಾಲ್ಕನೆಯದರ ಹುಡುಗಿ ರಜೆ ಎಂದಿದ್ದರು. ಇಪ್ಪತ್ತಾರು. ಇಬ್ಬರೂ ಆಮೇಲೆ ಫೋನ್ ಎತ್ತಿಲ್ಲ. ಖಾಲಿ ಮೇಜುಗಳ ಮೇಲೆ ಧೂಳು ಸಹ ಕೂತಿರಲಿಲ್ಲ. ಯಾರೋ ದಿನವೂ ಒರೆಸುತ್ತಿದ್ದರು. ನನ್ನ ಮೇಜಿನ ಅಂಚಿನ ಚೀಟಿಯಲ್ಲಿ ಐದು ಎಂದಿತ್ತು. ಈ ಶುಕ್ರವಾರ ಹತ್ತನೇ ತಾರೀಕು.

ಪಕ್ಕದ ಆರನೇ ಮೇಜಿನ ಅಕ್ಕನನ್ನು ಕರೆದು ತೋರಿಸಿದೆ. ಪ್ರತಿ ರೆಸ್ಯೂಮಿಗೂ ಇಬ್ಬರು ಅಂಕ ಹಾಕಬೇಕು. ಇದಕ್ಕೆ ಎರಡನೆಯವಳು ಅವಳೇ.

"ಅಯ್ಯೋ, ನಿನ್ನ ಜಾತಕನೇ ಬರ್ದಿದಾನಲ್ಲೇ!" ಎಂದು ನಕ್ಕಳು. ಮತ್ತೆ ಓದಿದಳು. ನಗು ನಿಂತಿತು. "ಆರನೇದು ಯಾವಾಗ ಅಂತ ಬರ್ದಿಲ್ವಾ?"

"ಇಲ್ಲಕ್ಕ."

ಮೇಲ್ವಿಚಾರಕರ ಹತ್ತಿರ ಹೋದೆ. ಎಲ್ಲದಕ್ಕೂ ತಾಳ್ಮೆ ಎನ್ನುವುದರಿಂದ ಅವರಿಗೆ ನಾವಿಟ್ಟ ಹೆಸರು ತಾಳ್ಮೆ ಸರ್.

"ಸರ್, ಈ ಅಭ್ಯರ್ಥಿ ನನಗೆ ಸಂಬಂಧಪಟ್ಟೋರು ಅನ್ಸುತ್ತೆ. ಬೇರೆಯವರಿಗೆ ಕೊಡಿ."

"ಹೆಸರೇ ಕಾಣ್ಸಲ್ಲ, ಸಂಬಂಧ ಎಲ್ಲಿಂದ ಬಂತಮ್ಮ?"

"ಶುಕ್ರವಾರ ನನ್ನ ಮೇಜು ಖಾಲಿ ಮಾಡ್ತಾನಂತೆ ಸರ್. ಈ ತಿಂಗಳ ಕೊನೆಗೆ ಕಾಯಂ ಮಾಡ್ತೀವಿ ಅಂದಿದ್ರಿ."

ಅವರು ಪರದೆಯನ್ನಲ್ಲ, ನನ್ನ ಕುರ್ಚಿಯನ್ನು ನೋಡಿದರು. "ತಾಳ್ಮೆ ಇರ್ಲಿ. ನಿಯಮದ ಪ್ರಕಾರ ಅಂಕ ಹಾಕು, ಸಾಕು."

ನಿಯಮ ಸರಳ: ಮುಗಿದದ್ದಕ್ಕೆ ಅಂಕ, ಯೋಜನೆಗೆ ಇಲ್ಲ. ಮುಗಿದ ಮೇಜಿಗೆ ಐದರಂತೆ ಎರಡಕ್ಕೆ ಹತ್ತು. ಒಟ್ಟು ಅರವತ್ತೆಂಟು. ಎರಡು ಅಂಕಕ್ಕೆ ಆತ ಬಿದ್ದ. ಅಕ್ಕನೂ ಅಷ್ಟೇ ಹಾಕಿದಳು. ನನಗೆ ಕೊಂಚ ಖುಷಿಯೂ ಆಯಿತು, ಸುಳ್ಳು ಹೇಳುವುದಿಲ್ಲ.

ಅರ್ಜಿಯ ಗಡುವು ಶುಕ್ರವಾರ ಸಂಜೆ. ಅಲ್ಲಿಯವರೆಗೆ ಯಾರು ಬೇಕಾದರೂ ತಿದ್ದಿದ ಪ್ರತಿ ಕಳಿಸಬಹುದು, ಆಗ ಮತ್ತೆ ಅಂಕ ಹಾಕಬೇಕು. ಶುಕ್ರವಾರ ಹನ್ನೊಂದಕ್ಕೆ ಅದೇ ಕಡತ ವಾಪಸು ಬಂತು. ಒಂದೇ ಸಾಲು ಬದಲಾಗಿತ್ತು.

'ಮೇಜು ೫: ಯೋಜನೆ ೧೦, ತೆರವು ೧೦.'

ನಾನು ಕುರ್ಚಿಯ ಕೈ ಮುಟ್ಟಿ ನೋಡಿಕೊಂಡೆ. ಕೂತೇ ಇದ್ದೆ. ಆ ಸಾಲಿಗೆ ಸೊನ್ನೆ ಹಾಕಿ, ಕಾರಣದ ಜಾಗದಲ್ಲಿ 'ಹೇಳಿಕೆ ಸುಳ್ಳು, ಮೇಜಿನಲ್ಲಿ ಜನ ಇದ್ದಾರೆ' ಎಂದು ಬರೆದೆ. ಸಲ್ಲಿಸಲು ಒತ್ತಿದೆ. ಪರದೆ ಪಾಸ್‌ವರ್ಡ್ ಕೇಳಿತು. ಕೊಟ್ಟೆ. ಇಂಥ ಬಳಕೆದಾರರು ಇಲ್ಲ ಎಂದಿತು. ಇನ್ನೊಮ್ಮೆ ಕೊಟ್ಟೆ. ಇಲ್ಲ.

ಒಂದನೆಯ ಮತ್ತು ಮೂರನೆಯ ಮೇಜಿನವರು ತಲೆಯೆತ್ತಲಿಲ್ಲ. ಅವರ ಬೆರಳುಗಳು ಮಾತ್ರ ಇನ್ನೂ ಜೋರಾಗಿ ಓಡಿದವು. ತಾಳ್ಮೆ ಸರ್ ಒಂದು ಖಾಲಿ ರಟ್ಟಿನ ಡಬ್ಬ ತಂದು ನನ್ನ ಕಾಲಿನ ಬಳಿ ಇಟ್ಟು ಹೋದರು.

ಅಕ್ಕನ ಪರದೆಯ ಮೇಲೆ ಅದೇ ಕಡತ ತೆರೆದಿತ್ತು. ಅವಳು ನನ್ನನ್ನು ನೋಡಿದಳು, ಪರದೆ ನೋಡಿದಳು.

"ಏನೇ ಹಾಕ್ಲಿ? ನೀನು ಇಲ್ಲೇ ಇದೀಯಲ್ಲ."

"ಗಡುವು ಸಂಜೆವರೆಗೆ ಅಲ್ವಾ? ಅಷ್ಟರಲ್ಲಿ ಇರಲ್ಲ."

"ಸೊನ್ನೆ ಹಾಕ್ಬಿಡ್ತೀನಿ ಕಣೆ. ಅವನು ಹಾಳಾಗ್ ಹೋಗ್ಲಿ."

"ಬೇಡಕ್ಕ. ತಪ್ಪು ಅಂಕ ಹಾಕಿದ್ಳು ಅಂತ ನಿನ್ನ ದಿನ ಹತ್ರ ತರ್ತಾರೆ."

ನೀರಿನ ಬಾಟಲಿ, ಚಾರ್ಜರ್, ಒಂದು ಸ್ವೆಟರ್. ಡಬ್ಬದ ಅರ್ಧವೂ ತುಂಬಲಿಲ್ಲ. ಎದ್ದು ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿದೆ.

"ಈಗ ನೋಡು," ಎಂದೆ. "ಐದು ಹಾಕು. ಎಪ್ಪತ್ಮೂರು."

ಅಕ್ಕ ಖಾಲಿ ಕುರ್ಚಿಯನ್ನು ಒಂದು ಗಳಿಗೆ ನೋಡಿ, ಅಂಕ ಒತ್ತಿದಳು.