ಹಸಿರಲ್ಲಿ ಶುರುವಾಗಿ ಕೆಂಪಲ್ಲಿ ಮುಗಿದ ಸಾಲು

ಒಂದು ನಿಮಿಷ, ಇದನ್ನು ಪೂರ್ತಿ ಕೇಳಿ. ಅರ್ಧಕ್ಕೇ ನನ್ನನ್ನು ಬೈಯಬೇಕು ಅನ್ನಿಸುತ್ತದೆ, ಬೈಯಿರಿ, ಆದರೆ ಕೊನೆಯವರೆಗೆ ಕೇಳಿ ಆಮೇಲೆ ಬೈಯಿರಿ.

ನಮ್ಮದು ಹಸ್ತಪ್ರತಿ ವಿಭಾಗ. ತೀರಿಕೊಂಡ ಲೇಖಕರೊಬ್ಬರ ಹೆಸರಾಂತ ಕಾದಂಬರಿಯ, ನಲವತ್ತು ವರ್ಷದ ಹಿಂದಿನ ಕರಡು ನಮ್ಮ ಕೈಗೆ ಬಂದಿತ್ತು. ಕಪ್ಪು ಶಾಯಿಯಲ್ಲಿ ಅವರ ಬರಹ, ಅಂಚಿನ ತುಂಬ ಟಿಪ್ಪಣಿಗಳು. ಹಸಿರು ಶಾಯಿ ಅವರ ಹೆಂಡತಿಯದು. ಕೆಂಪು, ಅವರ ಸ್ನೇಹಿತರೂ ಆಗಿದ್ದ ಸಂಪಾದಕರದು; ಅವರೂ ಈಗಿಲ್ಲ. ಇದೆಲ್ಲವನ್ನೂ ಕಂಪ್ಯೂಟರಿಗೆ ಏರಿಸಿ, ಯಾವ ಮಾತು ಯಾರದು ಅಂತ ಗುರುತು ಹಾಕಿ, ಪುಸ್ತಕ ಮಾಡಬೇಕು. ಪುಟದ ಬುಡದಲ್ಲಿ ಒಂದೊಂದು ಟಿಪ್ಪಣಿಯೂ ಅದನ್ನು ಬರೆದವರ ಹೆಸರಿನ ಜೊತೆ ಬರಬೇಕು.

ನಾನು ಬೆರಳಿಟ್ಟರೆ ಕೀಲಿಮಣೆ ಹೊಗೆಯಾಡುತ್ತದೆ. ಅದಕ್ಕೇ ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ನನ್ನನ್ನು ಕರೆಯುವುದು ‘ಪಟಾಕಿ’ ಅಂತ. “ಪಟಾಕಿ, ಶಾಯಿ ನೋಡ್ಬೇಡ, ಕೈ ನೋಡು” ಅಂತ ಅವರು ಮೊದಲ ದಿನವೇ ಹೇಳಿದ್ದರು. ಕೈ ಅಂದರೆ ಕೈಬರಹ. ನಾನು ತಲೆಯಾಡಿಸಿದ್ದೆ. ಆದರೆ ಸ್ಕ್ಯಾನ್ ಮಾಡಿದ ಪುಟಗಳು ಎಷ್ಟು ಚೆನ್ನಾಗಿದ್ದವೆಂದರೆ, ಬಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ಕೆಂಪೆಲ್ಲ ಆರಿಸಿ ಒಂದೇ ಏಟಿಗೆ ‘ಸಂಪಾದಕರು’, ಹಸಿರೆಲ್ಲ ಆರಿಸಿ ‘ಹೆಂಡತಿ’. ಮೂರು ತಿಂಗಳ ಕೆಲಸ ಹತ್ತು ದಿನಕ್ಕೆ ಮುಗಿಯಿತು. ಬೀಗಿದ್ದೂ ಬೀಗಿದ್ದೇ.

ಮುದ್ರಣಕ್ಕೆ ಮುಂಚೆ ಮನೆಯವರು ಒಪ್ಪಿ ಸಹಿ ಹಾಕಬೇಕಿತ್ತು. ಕರಡಚ್ಚು ಹಿಡಿದು ಲೇಖಕರ ಹೆಂಡತಿಯ ಮನೆಗೆ ಹೋದೆ. ಎಲ್ಲರಿಗೂ ಅವರು ‘ಅಮ್ಮ’. ಕಣ್ಣು ಮಂದ, ಸಣ್ಣ ಅಚ್ಚು ಕಾಣುವುದಿಲ್ಲ. ಮಗಳು ಓದಿ ಹೇಳಬೇಕು. ಆ ಮಗಳನ್ನು ನಾನು ‘ಅಕ್ಕ’ ಅಂದೆ.

ಅಮ್ಮ ಕೂತ ತಕ್ಷಣ ಕೇಳಿದ್ದು ಒಂದೇ. “ನೂರಾ ಹನ್ನೆರಡನೇ ಪುಟ ತೆಗಿ. ಬೀಗದ ಸಾಲು.”

ಕಾದಂಬರಿ ಓದಿದವರಿಗೆಲ್ಲ ಆ ಸಾಲು ಬಾಯಿಪಾಠ. ಮನೆ ಬಿಟ್ಟು ಹೋಗುವವಳು ಬಾಗಿಲಿಗೆ ವಾಪಸು ಬರುತ್ತಾಳೆ. ಅಂಚಿನ ಟಿಪ್ಪಣಿ ಹೀಗಿತ್ತು: ‘ಅವಳು ಬೀಗ ಎಳೆದು ನೋಡದೆ ಹೋಗುವುದಿಲ್ಲ, ಬಿಟ್ಟು ಹೋಗುವ ಮನೆಯಾದರೂ.’ ಲೇಖಕರು ಅದನ್ನು ಹಾಗೇ ಕಥೆಯೊಳಗೆ ಸೇರಿಸಿಕೊಂಡಿದ್ದರು.

ಅಕ್ಕ ಓದಿದರು. “‘ಅವಳು ಬೀಗ’, ಹೆಂಡತಿ. ‘ಎಳೆದು ನೋಡದೆ ಹೋಗುವುದಿಲ್ಲ, ಬಿಟ್ಟು ಹೋಗುವ ಮನೆಯಾದರೂ’, ಸಂಪಾದಕರು.”

“ನಂದು ಅಷ್ಟೇನಾ?” ಅಮ್ಮ ಕೇಳಿದರು. “ಎರಡೇ ಮಾತಾ?”

“ಹೂಂ ಅಮ್ಮ. ಮಿಕ್ಕಿದ್ದು ಕೆಂಪು ಶಾಯಿ. ಸಂಪಾದಕರು ಪೂರ್ತಿ ಮಾಡಿದಾರೆ” ಅಂದೆ. ಎಷ್ಟು ಧೈರ್ಯವಾಗಿ ಅಂದೆ!

“ನಾನು ಇಡೀ ಸಾಲು ನಂದು ಅನ್ಕೊಂಡಿದ್ದೆನಲ್ಲೇ.”

“ನಲವತ್ತು ವರ್ಷದಿಂದ ಇದೇ ಹಾಡು” ಅಂತ ಅಕ್ಕ ನಕ್ಕರು. “ಬಂದವರಿಗೆಲ್ಲ ಕಾಫಿಗಿಂತ ಮೊದಲು ಇದೇ ಕೊಡ್ತಿದ್ಲು.” ಆಮೇಲೆ ಬಾಗಿಲವರೆಗೆ ಬಂದು ಮೆಲ್ಲಗೆ ಅಂದರು, “ಮರೆವು ಶುರುವಾಗಿದೆ ಅಂತ ಡಾಕ್ಟ್ರು ಹೇಳಿದಾರೆ. ಬೇಜಾರು ಮಾಡ್ಕೋಬೇಡಿ.”

ಒಳಗಿನಿಂದ ಅಮ್ಮನ ದನಿ ಕೇಳಿತು. “ಮರೆವು ಅಂದ್ರೆ ಇದೇನಾ? ಇಲ್ದೇ ಇರೋದೂ ನೆನಪಾಗೋದಾ?”

ಆಫೀಸಿಗೆ ಬಂದು ಮೇಡಮ್ಮಿಗೆ ಇದನ್ನು ಹೇಳಿದೆ. ಅವರು ನಗಲಿಲ್ಲ. ಪೆಟ್ಟಿಗೆಯಿಂದ ಮೂಲ ಹಾಳೆ ತೆಗೆದು, ಪಕ್ಕದಿಂದ ದೀಪದ ಬೆಳಕು ಬೀಳಿಸಿ, ಭೂತಗನ್ನಡಿ ಹಿಡಿದರು.

“ಬಾ ಇಲ್ಲಿ. ‘ಬೀಗ’ ಆದ್ಮೇಲೆ ಏನಿದೆ?”

ಹಸಿರು ಮಸುಕಾಗುತ್ತ ಹೋಗಿತ್ತು. ‘ಎಳೆದು’ ಅನ್ನುವ ಜಾಗದಲ್ಲಿ ಶಾಯಿಯೇ ಇಲ್ಲದ ಗೀರು, ಒಣಗಿದ ನಿಬ್ಬು ಕಾಗದವನ್ನು ಒತ್ತಿದ ಗುರುತು. ಅದೇ ಗೀರಿನ ಮೇಲೆ ಕೆಂಪು ಓಡಿತ್ತು. ಅದೇ ಅಕ್ಷರ, ಬಲಕ್ಕೆ ಏರುವ ಅದೇ ತಲೆಕಟ್ಟು, ಹಿಂದಕ್ಕೆ ಸುತ್ತುವ ಅದೇ ಕೊಂಬು. ಸಂಪಾದಕರ ತಲೆಕಟ್ಟು ಚಪ್ಪಟೆ, ಸ್ಕೇಲು ಇಟ್ಟ ಹಾಗೆ. ಹಸಿರು ಪೆನ್ನು ಒಣಗಿದ್ದಕ್ಕೆ ಅಮ್ಮ ಪಕ್ಕದಲ್ಲಿದ್ದ ಕೆಂಪು ಪೆನ್ನು ತೆಗೆದುಕೊಂಡಿದ್ದರು. ಅಷ್ಟೇ. ಒಬ್ಬರ ಒಂದೇ ಮಾತನ್ನು ನಾನು ಸೀಳಿ ಇಬ್ಬರಿಗೆ ಹಂಚಿದ್ದೆ.

“ಮೇಡಂ…”

“ಅಳೋದು ಆಮೇಲೆ. ಮೊದಲು ಕೂತ್ಕೋ.”

ಮತ್ತೆ ಮೊದಲಿಂದ ಶುರುಮಾಡಿದೆವು. ಕೈಗಳದ್ದೇ ಒಂದು ಪಟ್ಟಿ: ಯಾರ ಕೈ, ಅಕ್ಷರದ ಚಹರೆ ಏನು. ಶಾಯಿಗೆ ಬೇರೆ ಕಾಲಂ. ಕೈ ಒಂದೇ ಇದ್ದು ಶಾಯಿ ಬದಲಾದರೆ ಟಿಪ್ಪಣಿ ಒಂದೇ. ಬಣ್ಣ ಎಲ್ಲಿ ಬದಲಾಯಿತು ಅನ್ನುವುದಕ್ಕೆ ಮಾತ್ರ ಒಳಗೊಂದು ಗುರುತು. ಗೊತ್ತಾಗದ ಕಡೆ ‘ಖಚಿತವಿಲ್ಲ’ ಅಂತ ಬರೆದು, ಹಾಗಂದವರು ಯಾರು ಅಂತಲೂ ಹಾಕಬೇಕು. ಇನ್ನೂರ ಅರವತ್ತೊಂದು ಕೆಂಪು ಟಿಪ್ಪಣಿಗಳನ್ನು ಒಂದೊಂದಾಗಿ ನೋಡಿದೆವು. ತೊಂಬತ್ತನಾಲ್ಕು ಅಮ್ಮನವು. ಹನ್ನೊಂದು ಗೊತ್ತಾಗಲಿಲ್ಲ. ಮೂರು ವಾರ ಹಿಡಿಯಿತು.

ಹೊಸ ಕರಡಚ್ಚು, ಹಾಳೆಯ ದೊಡ್ಡ ಚಿತ್ರ, ಭೂತಗನ್ನಡಿ ಹಿಡಿದು ಅಮ್ಮನ ಮನೆಗೆ ಓಡಿದೆ. ಮೆಟ್ಟಿಲು ಎರಡೆರಡು ಹಾರಿದೆ.

“ಅಮ್ಮ, ಆ ಸಾಲು ನಿಮ್ದೇ! ಪೂರ್ತಿ ನಿಮ್ದೇ! ತಪ್ಪು ನಂದು!”

ಅಮ್ಮ ನನ್ನ ಕೆನ್ನೆ ಮುಟ್ಟಿದರು. “ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ ಮಗಳೇ.”

“ಅಯ್ಯೋ ಇಲ್ಲಮ್ಮ!”

“ಪಾಪ, ಆ ಮನುಷ್ಯ ಬರೆದಿದ್ದನ್ನ ಇಷ್ಟು ವರ್ಷ ನಂದು ಅಂತ ಹೇಳ್ಕೊಂಡು ತಿರುಗಿದೀನಿ. ಅವರ ಮಗನಿಗೆ ಪತ್ರ ಬರೆಸಿದೀನಿ, ಕ್ಷಮಿಸಪ್ಪ ಅಂತ.”

ನಾನು ಅಕ್ಕನ ಕಡೆ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. “ಹೋದ ವಾರವೇ ಹಾಕ್ದೆ” ಅಂದರು.

ಚಿತ್ರ ಹರಡಿದೆ. ಗೀರು ತೋರಿಸಿದೆ, ತಲೆಕಟ್ಟು ತೋರಿಸಿದೆ. ಭೂತಗನ್ನಡಿಯಲ್ಲಿ ಅಮ್ಮ ಬಹಳ ಹೊತ್ತು ನೋಡಿದರು. ನನಗೆ ತಡೆಯಲಾಗಲಿಲ್ಲ. “ಅಮ್ಮ, ಅದೇ ಸಾಲು ಈಗ ಬರೀರಿ. ಪಕ್ಕದಲ್ಲಿಟ್ಟು ನೋಡೋಣ” ಅಂದುಬಿಟ್ಟೆ.

ಅವರು ಬರೆದರು. ತಲೆಕಟ್ಟು ಏರುವ ಬದಲು ಜಾರಿತು, ಕೊಂಬು ಸುತ್ತಲಿಲ್ಲ, ‘ಬಿಟ್ಟು’ ಅನ್ನುವಲ್ಲಿ ಪೆನ್ನು ನಿಂತೇಹೋಯಿತು. ಎರಡನ್ನೂ ಭೂತಗನ್ನಡಿಯ ಅಡಿ ಇಟ್ಟುಕೊಂಡು ಅಮ್ಮ ಶಾಂತವಾಗಿ ಅಂದರು:

“ನೋಡು. ಬೇರೆ ಕೈ.”

ನಲವತ್ತು ವರ್ಷ ಆದಮೇಲೆ ಯಾರ ಕೈಯೂ ಹಾಗೇ ಇರುವುದಿಲ್ಲ ಅಂತ ಹೇಳಿದೆ. ಹೇಳುತ್ತಲೇ ಇದ್ದೆ. ಅವರು ಎರಡೂ ಕೈ ಜೋಡಿಸಿದರು. “ಇನ್ನೊಬ್ಬರದ್ದು ನನ್ನ ಹೆಸರಲ್ಲಿ ಹಾಕ್ಬೇಡ. ಮುಂಚೆ ಇದ್ದ ಹಾಗೇ ಇರಲಿ ಅಂದ್ರೆ ಸಹಿ ಹಾಕ್ತೀನಿ.”

“ಹೂಂ ಅನ್ನಿ” ಅಂತ ಅಕ್ಕ ನನ್ನ ತೋಳು ಹಿಡಿದರು. “ಅವಳು ನಿದ್ದೆ ಮಾಡಿ ಎಷ್ಟು ದಿನ ಆಯ್ತು ಗೊತ್ತಾ?”

“ಆಯ್ತಮ್ಮ. ಸಂಪಾದಕರದ್ದು ಅಂತಲೇ ಹಾಕ್ತೀನಿ.”

ಅಮ್ಮ ಸಹಿ ಹಾಕಿದರು.

ಆದರೆ ನಾನು ಮಾತು ಕೊಟ್ಟ ಹಾಗೆ ಹಾಕಲಿಲ್ಲ. ಮೇಡಮ್ಮಿಗೆ ಎಲ್ಲ ಹೇಳಿದೆ, ಕೊಟ್ಟ ಮಾತನ್ನೂ ಹೇಳಿದೆ. ಅವರು ಮೂಲ ಹಾಳೆಯನ್ನು ನನ್ನ ಮುಂದಿಟ್ಟು, “ಪುಟ ನಿಂದು, ನೀನೇ ಹೇಳು” ಅಂದರು. ಆ ಗೀರು ನನ್ನ ಕಣ್ಣ ಮುಂದಿತ್ತು. ಪುಸ್ತಕದಲ್ಲಿ ಇಡೀ ಸಾಲು ಅಮ್ಮನ ಹೆಸರಲ್ಲೇ ಅಚ್ಚಾಯಿತು.

ಮೊನ್ನೆ ಬೆಳಿಗ್ಗೆ ಅಕ್ಕ ಫೋನ್ ಮಾಡಿದರು. ಪುಸ್ತಕ ಬಂದಿತ್ತು. ದನಿ ತಗ್ಗಿಸಿ, “ನೂರಾ ಹನ್ನೆರಡು ಓದು ಅಂತಿದಾಳೆ. ಇಲ್ಲಿ ಅವಳ ಹೆಸರಿದೆ. ಏನಂತ ಓದ್ಲಿ? ಬೇಗ ಹೇಳಿ” ಅಂದರು.

“ಸಂಪಾದಕರದ್ದು ಅಂತ ಓದಿ ಅಕ್ಕ” ಅಂದೆ.

ಫೋನು ಇಡದೇ ಅವರು ಓದಿದರು. ಅಮ್ಮನ ಮಾತನ್ನು ಅಮ್ಮನಿಗೇ, ಬೇರೆಯವರದು ಅಂತ. ಆಮೇಲೆ ಅಮ್ಮ ಅಂದರು, “ಹೂಂ. ಈಗ ಸರಿಯಾಗಿದೆ. ಎಷ್ಟು ಚೆನ್ನಾಗಿ ಬರೆದಿದಾರೆ ನೋಡು.”

ನೀವು ಹೇಳಿ, ಆ ಫೋನು ನಿಮ್ಮ ಕೈಯಲ್ಲಿದ್ದಿದ್ದರೆ, ಏನಂತ ಓದಿಸುತ್ತಿದ್ದಿರಿ?