ಎರಡು ಮನೆ ಕೆಳಗೆ

ಎರಡನೇ ಹಾಡಿಗೆ ಚಪ್ಪಾಳೆ ಬೀಳುತ್ತಿದ್ದಾಗಲೇ ಕಲ್ಯಾಣ ಮಂಟಪದ ಕರೆಂಟು ಹೋಯಿತು. ಸ್ಪೀಕರುಗಳು ಧಪ್ ಎಂದು ಸುಮ್ಮನಾದವು. ಹಿತ್ತಲಿನ ಜನರೇಟರ್ ಗುಡುಗುಟ್ಟಿತು, ದೀಪ ಬಂತು.

"ಸದ್ಯ!" ಎಂದಳು ರೋಜಾ, ಮೈಕಿನಿಂದ ಮುಖ ತಿರುಗಿಸಿ.

ಸೊರಬದ ಈ ನಾಲ್ವರು ಪಿಯುಸಿ ಮಕ್ಕಳು ತೀರ್ಥೇಶನ ಮನೆಯ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಹಾಡು, ವಾದ್ಯ ಕಲಿತವರು. ದುಡ್ಡಿಗೆ ನುಡಿಸುವುದು ಇದೇ ಮೊದಲು, ಅದೂ ಶಿಕಾರಿಪುರದ ದೊಡ್ಡ ಮದುವೆಯಲ್ಲಿ. ಮದುಮಗಳ ಚಿಕ್ಕಪ್ಪ ತೋಟಪ್ಪ ಬೆಳಿಗ್ಗೆಯೇ ಹೇಳಿದ್ದರು: "ಡಿಜೆಯವನಿಗೂ ಹೇಳಿಟ್ಟೀನಿ. ನೀವು ಕೆಡಿಸಿದ್ರೆ ಅವನ್ನ ಸ್ಟೇಜ್ ಹತ್ತಿಸ್ತೀನಿ ನೋಡ್ರಿ."

ಮುಂದಿನದು ಮದುಮಗಳೇ ಕೇಳಿದ ಹಾಡು. ಸೌಂದರ್ಯ ಕೀಬೋರ್ಡಿನಲ್ಲಿ ಆರಂಭದ ಸಾಲು ನುಡಿಸಿದಳು. ರೋಜಾ ಆ ಸ್ವರ ಹಿಡಿದು ಹಾಡತೊಡಗಿದಳು; ಎತ್ತರದ ಸ್ವರದ ಸಾಲಿಗೆ ಬರುವಷ್ಟರಲ್ಲಿ ಅವಳ ದನಿ ಒಡೆಯಿತು. ಯತೀಶನ ಗಿಟಾರ್ ಬೇರೆಯೇ ದಾರಿ ಹಿಡಿದು ಕಿವಿಗೆ ಕರಕರ ಎನ್ನಿಸಿತು. ಮುಂದಿನ ಸಾಲಿನ ಹೆಂಗಸರು ಮುಖ ಮುಖ ನೋಡಿಕೊಂಡರು. ತೋಟಪ್ಪ ಕುರ್ಚಿಯಿಂದ ಎದ್ದರು.

"ಗಿಟಾರ್ ಶ್ರುತಿ ತಪ್ಪಿದ್ಯೇನೋ!" ರೋಜಾಳ ಕಣ್ಣಲ್ಲಿ ನೀರು.

ಯತೀಶ ಬಗ್ಗಿ, ಗಿಟಾರಿನ ತಲೆಗೆ ಸಿಕ್ಕಿಸಿದ್ದ, ಶ್ರುತಿ ತೋರಿಸುವ ಟ್ಯೂನರ್ ನೋಡಿದ. ಪ್ರತಿ ತಂತಿಗೂ ಹಸಿರು ದೀಪ. "ನಂದು ಸರಿ ಇದ್ಯಲ್ಲೇ!"

ಹಾಗಾದರೆ ತನ್ನ ಕೀಬೋರ್ಡೇ ತಪ್ಪಿದೆ, ಎಂದುಕೊಂಡಳು ಸೌಂದರ್ಯ. ಅವಳು ಅದರ ಪರದೆ ನೋಡಿದಳು. ಮೂಲ ಶ್ರುತಿ ರೋಜಾಳಿಗೆ ಎಟುಕದೆಂದು ಎಲ್ಲ ಹಾಡುಗಳನ್ನೂ ಎರಡು ಮನೆ, ಅಂದರೆ ಎರಡು ಕೀಲಿಯಷ್ಟು, ಕೆಳಗಿಳಿಸಿಕೊಂಡಿದ್ದರು. ಯತೀಶ ಅದಕ್ಕೆ ತಕ್ಕ ಬೇರೆ ಕಾರ್ಡ್‌ಗಳನ್ನು ಕಲಿತಿದ್ದ. ಅವಳು ಮಾತ್ರ ಬೆರಳು ಬದಲಿಸದೆ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಶ್ರುತಿ ಇಳಿಸಿಟ್ಟಿದ್ದಳು. ಕರೆಂಟು ಹೋದಾಗ ಕೀಬೋರ್ಡ್ ಅದನ್ನು ಮರೆತಿತ್ತು. ಮೈನಸ್ ಎರಡು ಇರಬೇಕಾದ ಕಡೆ ಪರದೆಯ ಮೇಲೆ ಸೊನ್ನೆ.

ಅವಳು ಎರಡೂ ಕೈ ಎತ್ತಿಬಿಟ್ಟಳು. "ತೀರ್ಥೇಶ, ನಿಲ್ಲಿಸ್ಬೇಡ! ರೋಜಾ, ಗಿಟಾರ್ ಕೇಳಿ ಹಾಡು!"

ತೀರ್ಥೇಶನ ಡ್ರಮ್ಮಿನ ತಾಳ ಕಡಿಯಲಿಲ್ಲ. ಯತೀಶ ಒಬ್ಬನೇ ಪಲ್ಲವಿಯ ಕಾರ್ಡ್‌ಗಳನ್ನು ಮೀಟುತ್ತ ಹೋದ. ರೋಜಾ ಕಣ್ಣು ಮುಚ್ಚಿ ಒಂದು ಸುತ್ತು ಕೇಳಿದಳು, ಮೆಲ್ಲಗೆ ಗುನುಗಿದಳು, ಆಮೇಲೆ ಹಾಡಿದಳು. ಈ ಸಲ ಎತ್ತರದ ಸಾಲು ಸಲೀಸಾಗಿ ಬಂತು. ಅಷ್ಟರಲ್ಲಿ ಸೌಂದರ್ಯ ಬಟನ್ ಎರಡು ಸಲ ಒತ್ತಿ, ದನಿ ತೀರಾ ತಗ್ಗಿಸಿ ಒಂದೇ ಸ್ವರ ಮುಟ್ಟಿ ನೋಡಿದಳು. ಗಿಟಾರಿನೊಂದಿಗೆ ಅದು ಸೇರಿಹೋಯಿತು. ಚರಣಕ್ಕೆ ಎರಡೂ ಕೈ ಇಳಿಸಿದಾಗ ಸಭೆಯಲ್ಲಿ ಯಾರೋ ಶಿಳ್ಳೆ ಹಾಕಿದರು.

ವೇದಿಕೆಯ ಮೆಟ್ಟಿಲವರೆಗೆ ಬಂದಿದ್ದ ತೋಟಪ್ಪ ಅಲ್ಲೇ ನಿಂತರು. "ಮೊದ್ಲಿಗೆ ಬೇಕಂತಲೇ ಹಂಗೆ ಮಾಡಿದ್ರೇನು?" ಎಂದು ಪಕ್ಕದವರನ್ನು ಕೇಳಿದರು. ಆಮೇಲೆ ತಿರುಗಿ ಹೋಗಿ ಕುರ್ಚಿಯಲ್ಲಿ ಕೂತರು.

ಕೊನೆಯ ಪಂಕ್ತಿಯಲ್ಲಿ ನಾಲ್ವರೂ ಊಟಕ್ಕೆ ಕೂತರು. ಬಡಿಸುವ ಹುಲಿಯಮ್ಮ ರೋಜಾಳ ಮುಂದೆ ನಿಂತು, "ಹಾಡಿದಾಕಿ ನೀನೇ ಅಲ್ಲೇನವ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು. ಬಾಯ್ತುಂಬ ತುತ್ತು ಇಟ್ಟುಕೊಂಡಿದ್ದ ರೋಜಾ ಬರಿದೆ ತಲೆಯಾಡಿಸಿದಳು. ತುಪ್ಪ ಎಲೆಯ ಅಂಚಿಗೆ ಹರಿಯಿತು. ಅವಳು ಬೆರಳಿನಿಂದ ತಡೆದಳು.