ಬಿಳಿ ಪಾತ್ರೆಯ ಸದ್ದು

ಅಮ್ಮ ತೀರಿಹೋದ ಮೇಲೆ ಮಗಳು ತವರುಮನೆಯಿಂದ ತಂದದ್ದು ಒಂದೇ ವಸ್ತು, ನೀಲಿ ಅಂಚಿನ ಬಿಳಿ ಎನಾಮಲ್ ಪಾತ್ರೆ. ಹಿತ್ತಲಲ್ಲಿ ಗಿಡಗಳ ನಡುವೆ ಮಣ್ಣು ಮೆತ್ತಿಕೊಂಡು ಬಿದ್ದಿತ್ತು. ಅಮ್ಮನ ಪಾತ್ರೆಗೆ ಇದೆಂಥ ಗತಿ ಎಂದು ನೊಂದುಕೊಂಡು, ಉಜ್ಜಿ ತೊಳೆದು ಒಲೆಗೇರಿಸಿದಳು.

ಅವಳೂ ಅಮ್ಮನ ಹಾಗೆಯೇ ಗಂಜಿ ಬಗ್ಗಿಸಿದ ಕೂಡಲೇ ಸುಡುವ ಪಾತ್ರೆಗೆ ತಣ್ಣೀರು ಸುರಿಯುತ್ತಿದ್ದಳು. ಆಗ ಟಿಣ್ ಎಂದು ಸಣ್ಣ ಸದ್ದು. ಅಮ್ಮ ಉಂಗುರದ ಬೆರಳಿನಿಂದ ಪಾತ್ರೆ ತಟ್ಟಿ ಊಟಕ್ಕೆ ಕರೆಯುತ್ತಿದ್ದುದು ಹಾಗೆಯೇ. ಮೊದಲ ದಿನ ಮೈ ಜುಮ್ಮೆಂದಿತು. ಆಮೇಲೆ ಅವಳು ಆ ಸದ್ದಿಗಾಗಿಯೇ ಅಡುಗೆ ಮಾಡತೊಡಗಿದಳು.

"ಇದ್ದೀಯಲ್ಲಮ್ಮ," ಎನ್ನುವಳು. ಅಡುಗೆಮನೆಯಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ.

ತಳದಲ್ಲಿ ಕಪ್ಪು ಚುಕ್ಕೆಗಳು ಹೆಚ್ಚುತ್ತಿದ್ದವು. ಕಂಡರೂ ಕಾಣದ ಹಾಗಿದ್ದಳು. ಬಿಳಿ ಲೇಪ ಎದ್ದರೇನು, ಒಳಗಿರುವುದು ಕಬ್ಬಿಣ ತಾನೇ, ಬಾಣಲೆಯೂ ಕಬ್ಬಿಣವೇ ಎಂದು ತನಗೆ ತಾನೇ ವಕಾಲತ್ತು ಬೇರೆ.

ಒಂದು ಬೆಳಗ್ಗೆ ಅವಳ ಪುಟ್ಟ ಮಗು ಗಂಜಿಯನ್ನು ಉಗುಳಿ ಚಿಟ್ಟನೆ ಚೀರಿತು. ತುಟಿಯ ಒಳಗೆ ರಕ್ತ. ಅಂಗೈಗೆ ಬಿದ್ದ ಗಂಜಿಯಲ್ಲಿ ಉಗುರಿನ ತುದಿಯಷ್ಟು ಬಿಳಿ ಚೂರು. ಅಂದು ಮನೆಗೆ ಬಂದಿದ್ದ ಚಿಕ್ಕಮ್ಮ ಮಗುವಿನ ಬಾಯಿ ತೊಳೆಸಿ, ಬೇರೆ ಚೂರಿಲ್ಲವೆಂದು ನೋಡಿ, ಪಾತ್ರೆ ಎತ್ತಿಕೊಂಡಳು. ಒದ್ದೆ ಬಟ್ಟೆಯಿಂದ ಚುಕ್ಕೆಗಳ ಅಂಚನ್ನು ಒರೆಸಿದಳು. ಬಟ್ಟೆಗೆ ತುಕ್ಕಿನ ಜೊತೆ ಇನ್ನೂ ಮೂರ್ನಾಲ್ಕು ಚೂರು ಅಂಟಿಕೊಂಡವು.

"ಕಬ್ಬಿಣ ಏನೂ ವಿಷ ಅಲ್ಲ ಕಣೆ. ಹೊರಗಡೆ, ಹಿಡಿ ಹತ್ರ ಚಕ್ಕೆ ಎದ್ದಿದ್ರೆ ನಾನೂ ಸುಮ್ನಿರ್ತಿದ್ದೆ. ಆದ್ರೆ ಈ ಬಿಳಿ ಲೇಪ ಇದ್ಯಲ್ಲ, ಇದು ಗಾಜು. ಒಳಗೆ ಒಂದ್ಸಲ ಬಿಟ್ಕೊಂಡ್ರೆ ಅದರಡಿ ಇರೋ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತೆ, ಸುತ್ತಲಿಂದೂ ಉದುರ್ತಾನೇ ಇರುತ್ತೆ. ಬಿಸಿ ಪಾತ್ರೆಗೆ ತಣ್ಣೀರು ಹಾಕ್ತೀಯಾ?"

"ಅಮ್ಮ ಹಾಕ್ತಿದ್ಲಲ್ಲ."

"ಹಾಕಿ ಹಾಕಿಯೇ ಹಾಳು ಮಾಡಿದ್ಲು. ಟಿಣ್ ಅನ್ನುತ್ತಲ್ಲ, ಅದೇ ಗಾಜು ಸಿಡಿಯೋ ಸದ್ದು." ಚಿಕ್ಕಮ್ಮ ದನಿ ತಗ್ಗಿಸಿದಳು. "ನಿನ್ನ ಹೊಟ್ಟೇಲಿ ಮಗು ಇದೆ ಅಂತ ತಿಳಿದ ದಿನವೇ ಇದನ್ನ ಹಿತ್ತಲಿಗೆ ಎಸೆದಿದ್ಲು. ಮಗು ಬರೋ ಮನೇಲಿ ಇದು ಬೇಡ ಅಂದ್ಲು."

ಅಮ್ಮ ದೂರ ಇಟ್ಟದ್ದನ್ನೇ ಅಮ್ಮನೆಂದುಕೊಂಡು ಅವಳು ಇಷ್ಟು ದಿನ ಅದರಲ್ಲೇ ಬೇಯಿಸಿ ಮಗುವಿಗೆ ತಿನ್ನಿಸಿದ್ದಳು.

ಚಿಕ್ಕಮ್ಮ ಹೋದ ಮೇಲೆ ಪಾತ್ರೆಯನ್ನು ಕಸದ ಬುಟ್ಟಿಗೆ ಹಾಕಿದಳು. ಸ್ವಲ್ಪ ಹೊತ್ತಿಗೇ ಮತ್ತೆ ಎತ್ತಿಕೊಂಡಳು. ಬರೀ ನೀರು ಕಾಯಿಸಿದರೆ, ಆ ಸದ್ದನ್ನು ಒಂದೇ ಒಂದು ಸಲ ಕೇಳಿದರೆ ಯಾರಿಗೇನು ನಷ್ಟ? ಆ ಆಸೆಗೆ ಅವಳೇ ಬೆಚ್ಚಿಬಿದ್ದಳು. ಪಾತ್ರೆಯನ್ನು ಅಂಗಳದ ಕಲ್ಲಿನ ಮೇಲೆ ಬೋರಲು ಹಾಕಿ, ತಳಕ್ಕೆ ದಪ್ಪ ಮೊಳೆ ಇಟ್ಟು, ಮುಖ ಆಚೆ ತಿರುಗಿಸಿ ಸುತ್ತಿಗೆಯಿಂದ ಬಡಿದಳು. ತೂತು ಬಿತ್ತು; ಇನ್ನು ಅದರಲ್ಲಿ ನೀರೂ ನಿಲ್ಲದು.

ಅಮ್ಮ ಸತ್ತ ದಿನ ಬಾರದಿದ್ದ ಅಳು ಆಗ ಬಂತು.